ದೋಣಿ ಲೆಕ್ಕದ ಬಗ್ಗೆ, ಗಣಿತ ಸರ್‌ಗೆ

ನಮಸ್ತೆ ಸರ್,

ನಾನು 10ನೇ ಬಿ ಸೆಕ್ಷನ್ ಸಿಂಚನಾಳ ತಾಯಿ. ರಾತ್ರಿ ಹೊತ್ತಲ್ಲಿ ಮೆಸೇಜ್ ಹಾಕ್ತಿದೀನಿ, ಬೇಜಾರ್ ಮಾಡ್ಕೋಬೇಡಿ, ನಾಳೆ ಬಿಡುವಾದಾಗ ನೋಡಿದ್ರೂ ಸಾಕು. ಎರಡು ಫೋಟೋ ಕಳ್ಸಿದೀನಿ, ಒಂದು ನೀವು ಕೊಟ್ಟ ವರ್ಗ ಸಮೀಕರಣದ ವರ್ಕ್‌ಶೀಟಲ್ಲಿರೋ 7ನೇ ಲೆಕ್ಕ, ಇನ್ನೊಂದು ಅವಳು ನೋಟ್‌ಬುಕ್ಕಲ್ಲಿ ಮಾಡಿದ್ದು. ಎರಡನೇದು ಸರಿ ಕಾಣಲ್ಲ ಅನ್ಸತ್ತೆ, ಅಳಿಸಿ ಅಳಿಸಿ ಹಾಳೆನೇ ಸವೆದು ಹೋಗಿದೆ, ಅದಕ್ಕೇ ಇಲ್ಲಿ ಟೈಪ್ ಮಾಡ್ತಿದೀನಿ.

ಲೆಕ್ಕ ಇದು: "ನಿಶ್ಚಲ ನೀರಿನಲ್ಲಿ ಒಂದು ದೋಣಿಯ ಜವ ಗಂಟೆಗೆ 12 ಕಿ.ಮೀ. ಪ್ರವಾಹದ ದಿಕ್ಕಿನಲ್ಲಿ 16 ಕಿ.ಮೀ. ಚಲಿಸಲು ತೆಗೆದುಕೊಳ್ಳುವ ಕಾಲಕ್ಕಿಂತ 1 ಗಂಟೆ ಹೆಚ್ಚು ಕಾಲವನ್ನು, ಅಷ್ಟೇ ದೂರವನ್ನು ಪ್ರವಾಹಕ್ಕೆ ವಿರುದ್ಧವಾಗಿ ಚಲಿಸಲು ತೆಗೆದುಕೊಳ್ಳುತ್ತದೆ. ಪ್ರವಾಹದ ಜವ ಎಷ್ಟು?"

ಅವಳು ಬರ್ದಿರೋದು:

16/(12 + x) − 16/(12 − x) = 1

ಆಮೇಲೆ x² − 32x − 144 = 0, ಅಪವರ್ತನ ಮಾಡಿ x = 36 ಅಥವಾ x = −4. ಜವ ಮೈನಸ್ ಬರಲ್ಲ ಅಂತ ನೀವು ಹೇಳಿದೀರಂತೆ, ಅದಕ್ಕೆ −4 ಬಿಟ್ಟು 36 ಅಂತ ಬರ್ದ್ಲು. ಹಿಂದ್ಗಡೆ ಉತ್ತರ ನೋಡಿದ್ರೆ 4 ಇದೆ. ಅಲ್ಲಿಂದ ಶುರುವಾಯ್ತು ನೋಡಿ ಸರ್, ಎರಡು ಗಂಟೆ ಅದನ್ನೇ ಇಟ್ಕೊಂಡು ಕೂತಿದ್ಲು, ಊಟಕ್ಕೂ ಏಳಲಿಲ್ಲ, ಕೊನೆಗೆ ನನ್ನ ಹತ್ರ ಬಂದು "ಅಮ್ಮ, ಮೈನಸ್ ತೆಗೆದು 4 ಅಂತ ಬರ್ದುಬಿಡ್ಲಾ" ಅಂದ್ಲು. ನಂಗೆ ಅದೇ ಭಯ ಆಗಿದ್ದು. ಉತ್ತರ ಹೊಂದಿಸ್ಕೊಳ್ಳೋದು ಅಭ್ಯಾಸ ಆಗಬಾರ್ದು ಅಲ್ವಾ.

ನಾನು ಅಘನಾಶಿನಿ ಕಡೆ ಹುಟ್ಟಿ ಬೆಳೆದವಳು, ಚಿಕ್ಕೋಳಿದ್ದಾಗ ಗೋಕರ್ಣಕ್ಕೆ ಹೋಗ್ಬೇಕಂದ್ರೆ ತದಡಿಗೆ ದೋಣಿಲೇ ದಾಟ್ತಿದ್ವಿ. ಹಾಗಾಗಿ ಲೆಕ್ಕ ಮರೆತಿದ್ರೂ ಇಷ್ಟು ಹೇಳ್ದೆ, ನೀರು ಗಂಟೆಗೆ 36ರಲ್ಲಿ ಹರೀತಿದ್ರೆ 12ರಲ್ಲಿ ಹೋಗೋ ದೋಣಿ ಎದುರಿಗೆ ಹೋಗೋಕಾಗತ್ತಾ, ಹಿಂದಕ್ಕೇ ಕೊಚ್ಕೊಂಡು ಹೋಗತ್ತಲ್ಲ. ಅದು ಅವಳಿಗೆ ತಕ್ಷಣ ಅರ್ಥ ಆಯ್ತು. ಆದ್ರೆ ಅವಳು ಆಮೇಲೆ ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ನೀವು ಹೇಳಿಕೊಟ್ಟ ಹಾಗೆ 36ನ್ನ ತಿರುಗಿ ಸಮೀಕರಣಕ್ಕೆ ಹಾಕಿ ತಾಳೆ ನೋಡಿದಾಳೆ, 16/48 ಮೈನಸ್ 16/(−24), ಸರಿಯಾಗಿ 1 ಬರತ್ತೆ! "ತಾಳೆ ಆಗತ್ತಲ್ಲಮ್ಮ, ಮತ್ತೆ ತಪ್ಪು ಹೇಗೆ" ಅಂತಾಳೆ.

ತುಂಬ ಹೊತ್ತು ಇಬ್ರೂ ಕೂತು ನೋಡಿದ್ಮೇಲೆ ಗೊತ್ತಾಗಿದ್ದು, ಸಮೀಕರಣ ಬಿಡಿಸೋದ್ರಲ್ಲಿ ಏನೂ ತಪ್ಪಿಲ್ಲ, ಬರ್ಕೊಂಡಿದ್ದೇ ಉಲ್ಟಾ. ಎದುರು ಹೋಗೋಕೆ ಜಾಸ್ತಿ ಟೈಮ್ ಬೇಕಲ್ವಾ, ಹಾಗಾಗಿ 16/(12 − x) ಮೊದಲು ಬಂದು ಅದರಲ್ಲಿ ಇನ್ನೊಂದನ್ನ ಕಳೀಬೇಕಿತ್ತು. ಹಾಗೆ ಮಾಡಿದ್ರೆ x² + 32x − 144 = 0 ಬಂದು 4 ಸಿಗತ್ತೆ, ಎದುರಿಗೆ 8ರ ಜವದಲ್ಲಿ 2 ಗಂಟೆ, ಪ್ರವಾಹದ ಜೊತೆ 16ರಲ್ಲಿ 1 ಗಂಟೆ, ಸರಿ ಹೋಯ್ತು. ಯಾಕೆ ಉಲ್ಟಾ ಬರ್ದೆ ಅಂದ್ರೆ "ಲೆಕ್ಕದಲ್ಲಿ ಪ್ರವಾಹದ ದಿಕ್ಕು ಮೊದ್ಲು ಬಂದಿದೆ, ಅದಕ್ಕೇ ಮೊದ್ಲು ಬರ್ದೆ" ಅಂದ್ಲು. ಕನ್ನಡದಲ್ಲಿ "ಅದಕ್ಕಿಂತ ಇದು ಹೆಚ್ಚು" ಅಂದಾಗ ಕಡಿಮೆ ಇರೋದೇ ಮೊದ್ಲು ಬರತ್ತಲ್ಲ ಸರ್, ಇವಳು ಓದಿದ ಆರ್ಡರಲ್ಲೇ ಬರ್ಕೊಂಡು ಹೋಗಿದಾಳೆ. ಇವಳ ಇಬ್ರು ಫ್ರೆಂಡ್ಸೂ ಹೀಗೇ ಮಾಡಿದಾರಂತೆ.

ಸರ್, ನಿಮ್ಮ ಪಾಠದ ಬಗ್ಗೆ ಕಂಪ್ಲೇಂಟ್ ಅಲ್ಲ ಇದು, ನೀವು ಬಂದ್ಮೇಲೇ ಅವಳು ಗಣಿತದ ಪುಸ್ತಕ ತಾನಾಗೇ ತೆಗಿಯೋಕೆ ಶುರು ಮಾಡಿದ್ದು. ಕ್ಲಾಸಲ್ಲಿ ಕೈ ಎತ್ತಿ ಕೇಳು ಅಂದ್ರೆ ಎಲ್ರೂ ನಗ್ತಾರೆ ಅಂತ ಕೇಳಲ್ಲ, ಅದಕ್ಕೆ ನಾನೇ ಕೇಳ್ತಿದೀನಿ. ಸೋಮವಾರ ಒಂದೈದು ನಿಮಿಷ ಈ "ಕ್ಕಿಂತ ಹೆಚ್ಚು" ಬರೋ ಲೆಕ್ಕಗಳನ್ನ ಬಿಡಿಸೋದು ಬೇಡ, ಸಮೀಕರಣ ಬರಿಯೋವರೆಗೆ ಮಾತ್ರ ಬೋರ್ಡ್ ಮೇಲೆ ತೋರಿಸ್ತೀರಾ? ಅವಳ ಹೆಸರು ಮಾತ್ರ ಹೇಳ್ಬೇಡಿ ಸರ್, ಮುಜುಗರ ಪಡ್ತಾಳೆ.

ಇನ್ನೊಂದು, ತಪ್ಪು ಸಮೀಕರಣದಲ್ಲಿ −4, ಸರಿ ಸಮೀಕರಣದಲ್ಲಿ +4 ಬಂದಿದ್ದು ಸುಮ್ನೆ ಹಾಗೆ ಬಂತಾ ಅಥವಾ ಅದಕ್ಕೆ ಕಾರಣ ಇದ್ಯಾ ಅಂತ ಮಲಗೋಕೆ ಹೋಗೋವಾಗ ಕೇಳಿದ್ಲು. ನಂಗೆ ಗೊತ್ತಿಲ್ಲ, ಸರ್‌ನ ಕೇಳಿ ಹೇಳ್ತೀನಿ ಅಂದಿದೀನಿ. ಟೈಪ್ ಮಾಡೋಕೆ ಕಷ್ಟ ಆದ್ರೆ ವಾಯ್ಸ್ ಮೆಸೇಜ್ ಹಾಕಿ, ಅವಳಿಗೆ ಕೇಳಿಸ್ತೀನಿ.

ಸಿಂಚನಾ ಅಮ್ಮ