ಮನೇಲಿ ಔಷಧಿ ಇಡೋದು: ಸ್ವಯಂಸೇವಕರ ಟ್ರೈನಿಂಗ್ ಪ್ಲಾನ್ (45 ನಿಮಿಷ)

ತರೋದು: ಖಾಲಿ ಸ್ಟ್ರಿಪ್‌ಗಳು, ಒಂದು ಸಿರಪ್ ಬಾಟಲಿ, ಕಣ್ಣಿನ ಡ್ರಾಪ್ಸ್ ಡಬ್ಬಿ, ಪೆನ್ನು.

ಮೊದಲ 10 ನಿಮಿಷ ನಾವು ಮಾತಾಡೋದು ಬೇಡ, ಅವರನ್ನೇ ಕೇಳಿ, ನಿಮ್ಮನೇಲಿ ಮಾತ್ರೆ ಎಲ್ಲಿಡ್ತೀರಾ ಅಂತ. ಒಲೆ ಪಕ್ಕ, ಬಚ್ಚಲು, ಕಿಟಕಿ ಅಂತ ಬರುತ್ತೆ, ಆಗ ಹೇಳಿ: ಬಿಸಿ, ತೇವ, ಬಿಸಿಲು ಮೂರೂ ಔಷಧಿ ಕೆಡಿಸುತ್ತೆ, ಒಣಗಿದ ತಂಪು ಜಾಗ, ಮಕ್ಕಳ ಕೈಗೆ ಸಿಗದಷ್ಟು ಎತ್ತರ, ಆದ್ರೆ ಬೀಗ ಇದ್ರೆ ಇನ್ನೂ ಒಳ್ಳೇದು. ತೆರೆಯದ ಇನ್ಸುಲಿನ್ ಫ್ರಿಜ್ಜಲ್ಲಿ 2ರಿಂದ 8 ಡಿಗ್ರಿ, ಫ್ರೀಜರ್‌ನಲ್ಲಿ ಬೇಡವೇ ಬೇಡ.

ಮುಂದಿನ 25 ನಿಮಿಷ ಲೇಬಲ್, ಇದಕ್ಕೇ ಜಾಸ್ತಿ ಟೈಮ್ ಕೊಡಿ. ಎಲ್ಲರ ಕೈಗೂ ಒಂದೊಂದು ಸ್ಟ್ರಿಪ್ ಕೊಟ್ಟು ಹೆಸರು, ಎಷ್ಟು ಎಂಜಿ, ಎಕ್ಸ್‌ಪೈರಿ ಓದಿಸಿ. 08/2027 ಅಂತಿದ್ರೆ ಆಗಸ್ಟ್ ಕೊನೇ ದಿನದವರೆಗೆ ಬಳಸಬಹುದು. ತುಂಬಾ ಜನ ತಯಾರಾದ ತಾರೀಖನ್ನೇ ಎಕ್ಸ್‌ಪೈರಿ ಅಂದ್ಕೊಳ್ತಾರೆ, ಎರಡನ್ನೂ ಬೆರಳಿಟ್ಟು ತೋರಿಸಿ. ಸ್ಟ್ರಿಪ್ ಕತ್ತರಿಸೋವಾಗ ತಾರೀಖಿರೋ ತುದಿ ಕೊನೇವರೆಗೂ ಉಳೀಲಿ. ಡ್ರಾಪ್ಸ್ ತೆಗೆದ ದಿನ ಡಬ್ಬಿ ಮೇಲೆ ಬರೀರಿ, ಸಾಮಾನ್ಯವಾಗಿ 4 ವಾರ ಆದ್ಮೇಲೆ ಎಸೀಬೇಕು, ನೀರಲ್ಲಿ ಕಲಸಿದ ಓಆರ್‌ಎಸ್ 24 ಗಂಟೆ ಅಷ್ಟೇ. ಓದೋಕೆ ಬರದ ಅಜ್ಜಿ ಇರೋ ಮನೇಲಿ ಬೆಳಿಗ್ಗೆ ಮಾತ್ರೆಗೆ ಸೂರ್ಯ, ರಾತ್ರಿದಕ್ಕೆ ಚಂದ್ರ ಬರೆದುಕೊಡಿ, ಇದನ್ನ ಮರೀಬೇಡಿ.

ಕೊನೇ 10 ನಿಮಿಷ: ಜ್ಯೂಸ್ ಬಾಟಲಿಗೆ ಔಷಧಿ ಸುರಿಯಬಾರದು, ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡಬಾರದು. ಎಕ್ಸ್‌ಪೈರಿ ಆಗಿರೋದು ಸಿಕ್ರೆ ಬೈಯ್ಯಬೇಡಿ, ಬೇರೆ ಕವರ್‌ನಲ್ಲಿ ಹಾಕಿಸಿ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮುಂದಿನ ಸಭೆಗೆ ಪ್ರತಿಯೊಬ್ಬರೂ 5 ಮನೆ ನೋಡಿ ಬರಲಿ.