ಕ್ಷಯದ ಗುಳಿಗೆ ನಡುವೆ ಬಿಡಬೇಡಿ: ಹಳೇ ಹುಬ್ಬಳ್ಳಿಯ ವಾರ್ಡ್ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆಯ ಮಾತು

ಅಕ್ಕಾರೇ, ಅಣ್ಣಾರೇ, ಹಿರಿಯರೇ, ಎಲ್ಲರಿಗೂ ನಮಸ್ಕಾರ. ರೊಟ್ಟಿ ಬಡಿಯೋದು ಬಿಟ್ಟು ಬಂದವರೂ ಇದ್ದೀರಿ. ಬಿಸಿಲು ಏರುವ ಮೊದಲೇ ಮುಗಿಸುತ್ತೇನೆ.

ಇವತ್ತು ಮಾರ್ಚ್ 24. 1882ರಲ್ಲಿ ಇದೇ ದಿನ ಜರ್ಮನಿಯ ಡಾಕ್ಟರ್ ರಾಬರ್ಟ್ ಕಾಖ್, ಕ್ಷಯ ಬರುವುದು ಒಂದು ರೋಗಾಣುವಿನಿಂದ ಎಂದು ಜಗತ್ತಿಗೆ ತಿಳಿಸಿದರು. ಶಾಪ ಅಲ್ಲ, ಮನೆತನದ ದೋಷ ಅಲ್ಲ ಅಂತ ಗೊತ್ತಾಗಿ 140 ವರ್ಷ ದಾಟಿತು. ನಮ್ಮ ಓಣಿಗಳಿಗೆ ಮಾತ್ರ ಆ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ.

ಎರಡು ವಾರ ದಾಟಿದ ಕೆಮ್ಮು, ಸಂಜೆ ಹೊತ್ತು ಜ್ವರ, ರಾತ್ರಿ ಬೆವರು, ಸುಮ್ನೆ ತೂಕ ಇಳಿಯುವುದು, ಕಫದಲ್ಲಿ ರಕ್ತ. ಇದರಲ್ಲಿ ಒಂದಿದ್ದರೂ ಕಫ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇದ್ದವರು, ಬೀಡಿ ಸೇದುವವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. ಸರ್ಕಾರಿ ದವಾಖಾನೆಯಲ್ಲಿ ಪರೀಕ್ಷೆಯೂ ಪುಕ್ಕಟೆ, ಗುಳಿಗೆಯೂ ಪುಕ್ಕಟೆ.

ಇಷ್ಟು ಬಹಳ ಮಂದಿಗೆ ಗೊತ್ತು. ನಾನು ಹೇಳಬೇಕಾದದ್ದು ಗುಳಿಗೆ ಶುರುವಾದ ಮೇಲಿನ ಕಥೆ.

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಔಷಧ. ಮೊದಲ ಎರಡು ತಿಂಗಳು ನಾಲ್ಕು ಥರದ ಔಷಧ, ಆಮೇಲೆ ನಾಲ್ಕು ತಿಂಗಳು ಮೂರು ಥರದ್ದು. ದಿನಾ ತಗೋಬೇಕು. ಒಂದೆರಡು ತಿಂಗಳಿಗೇ ಕೆಮ್ಮು ನಿಲ್ಲುತ್ತದೆ, ಹಸಿವು ಆಗುತ್ತದೆ, ಮೈ ತುಂಬಿಕೊಳ್ಳುತ್ತದೆ. ನನಗೆ ಹೆದರಿಕೆ ಆಗೋದೇ ಆಗ! "ಆರಾಮಾಗೀನ್ರೀ, ಇನ್ಯಾಕ ಗುಳಿಗಿ?" ಅಂತ ಕೇಳದ ಮನೆ ಇಲ್ಲ. ಹೊಲದ ಕರಿಕೆ ನೋಡಿದ್ದೀರಲ್ಲ, ಮೇಲೆ ಕೊಯ್ದರೆ ಹೊಲ ಸ್ವಚ್ಛ ಕಾಣುತ್ತದೆ, ಬೇರು ಒಳಗೇ ಇರುತ್ತದೆ. ಇದೂ ಹಾಗೇ. ನಡುವೆ ಬಿಟ್ಟರೆ ಉಳಿದ ರೋಗಾಣು ಮತ್ತೆ ಏಳುತ್ತದೆ, ಹಳೇ ಔಷಧಕ್ಕೆ ಜಗ್ಗದೇ ಹೋಗಬಹುದು. ಆಗ ಬೇರೆ ಔಷಧ ಬೇಕು, ತ್ರಾಸೂ ಜಾಸ್ತಿ. ಮನೆಯವರಿಗೆ ಅಂಟಿದರೆ ಆ ಗಟ್ಟಿ ರೋಗವೇ ಅಂಟುತ್ತದೆ.

ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಔಷಧದ ಬಣ್ಣ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಅವರು ಔಷಧ ಬದಲಿಸುತ್ತಾರೆ. ಓಣಿಯವರ ಮಾತು ಕೇಳಿ ನೀವೇ ನಿಲ್ಲಿಸಬೇಡಿ. ಮಕ್ಕಳಾಗದಂತೆ ಗುಳಿಗೆ ತಗೊಳ್ಳುವ ಅಕ್ಕಂದಿರು ಅದನ್ನೂ ಡಾಕ್ಟರಿಗೆ ಹೇಳಲೇಬೇಕು. ಕ್ಷಯದ ಔಷಧ ಅದರ ಬಲ ಕಡಿಮೆ ಮಾಡುತ್ತದೆ. ನಾಚಿಕೆಗೆ ಯಾರೂ ಇದನ್ನು ಕೇಳುವುದಿಲ್ಲ, ಅದಕ್ಕೇ ನಾನೇ ಹೇಳಿಬಿಟ್ಟೆ.

ಈಗ ಮನೆಯವರಿಗೆ. ಸಿಟ್ಟಾಗಬೇಡಿ, ಅರ್ಧ ತಪ್ಪು ನಮ್ಮದೇ. ಸೊಸೆಗೆ ಕ್ಷಯ ಅಂತ ಗೊತ್ತಾದ ಕೂಡಲೇ ತವರಿಗೆ ಕಳಿಸುತ್ತೇವೆ. ಗುಳಿಗೆ ಇಲ್ಲಿ, ಅವಳು ಅಲ್ಲಿ. ಬಾಡಿಗೆ ಮನೆ ಬಿಡಿಸುತ್ತಾರೆ ಅಂತ ಹೆದರಿ ಗುಳಿಗೆ ಪೊಟ್ಟಣವನ್ನು ಜೋಳದ ಡಬ್ಬಿಯಲ್ಲಿ ಮುಚ್ಚಿಟ್ಟವರಿದ್ದಾರೆ. ಮುಚ್ಚಿಟ್ಟ ಗುಳಿಗೆ ನೆಂಟರು ಬಂದ ದಿನ ತಪ್ಪುತ್ತದೆ, ಆಮೇಲೆ ವಾರ ತಪ್ಪುತ್ತದೆ.

ಶ್ವಾಸಕೋಶದ ಕ್ಷಯ ಹರಡುವುದು ಕೆಮ್ಮಿದಾಗ, ಗಾಳಿಯಲ್ಲಿ. ತಾಟು, ಲೋಟ, ಹಾಸಿಗೆ ಬೇರೆ ಮಾಡಿ ಏನೂ ಉಪಯೋಗವಿಲ್ಲ. ಕಿಟಕಿ ತೆರೆಯಿರಿ. ಕೆಮ್ಮುವಾಗ ಮೂಗು ಬಾಯಿಗೆ ಬಟ್ಟೆ ಇರಲಿ. ಔಷಧ ಸರಿಯಾಗಿ ಹತ್ತಿದರೆ ಕೆಲವೇ ವಾರಗಳಲ್ಲಿ ಇನ್ನೊಬ್ಬರಿಗೆ ಅಂಟುವುದು ಬಹಳ ಕಡಿಮೆಯಾಗುತ್ತದೆ. ಕುತ್ತಿಗೆ ಗಡ್ಡೆಯ ಕ್ಷಯ, ಬೆನ್ನುಮೂಳೆಯ ಕ್ಷಯ ಮಾತ್ರ ಇದ್ದವರಿಂದ ಸಾಮಾನ್ಯವಾಗಿ ಅಂಟುವುದೇ ಇಲ್ಲ. ತಾಯಿ ಮಾಸ್ಕ್ ಹಾಕಿಕೊಂಡು ಕೂಸಿಗೆ ಎದೆಹಾಲು ಕೊಡಬಹುದು. ಮನೆಯ ಉಳಿದವರೂ ಪರೀಕ್ಷೆ ಮಾಡಿಸಿಕೊಳ್ಳಿ. ರೋಗ ಇಲ್ಲದಿದ್ದರೂ ಬಾರದಂತೆ ತಡೆಯುವ ಔಷಧ ಇದೆ.

ಊಟಕ್ಕೆ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಖಾತೆಗೆ ಹಾಕುತ್ತದೆ. ಮೊದಲು 500 ಇತ್ತು. ಬ್ಯಾಂಕ್ ಪಾಸ್‌ಬುಕ್ ತಂದುಕೊಡಿ. ಆ ದುಡ್ಡು ಮೊಟ್ಟೆಗೆ, ಹಾಲಿಗೆ, ಕಾಳಿಗೆ, ಶೇಂಗಾಕ್ಕೆ ಹೋಗಲಿ. ಯಜಮಾನರ ಜೇಬಿಗೆ ಅಲ್ಲ, ಆಯ್ತಾ?

ಯುಗಾದಿಗೆ ಊರಿಗೆ ಹೋಗುವವರು, ದುಡಿಯಲು ಗೋವಾಕ್ಕೆ ಹೋಗುವವರು ಹೊರಡುವ ಮೊದಲು ನಮಗೊಂದು ಮಾತು ಹೇಳಿ. ಅಲ್ಲಿನ ಸರ್ಕಾರಿ ದವಾಖಾನೆಯಲ್ಲೇ ಗುಳಿಗೆ ಸಿಗುವಂತೆ ಮಾಡಬಹುದು. ಗುಳಿಗೆ ಬಿಟ್ಟು ತಿಂಗಳಾಗಿದ್ದರೂ ಬನ್ನಿ. ಯಾರೂ ಬೈಯುವುದಿಲ್ಲ, ಬೈದರೆ ನನಗೆ ಹೇಳಿ.

ಎಲ್ಲರ ಮುಂದೆ ಕೇಳಲು ಮುಜುಗರ ಅಂದರೆ ಸಂಜೆ ಅಂಗನವಾಡಿಗೆ ಬನ್ನಿ, ನಾನೊಬ್ಬಳೇ ಇರುತ್ತೇನೆ. ಇಲ್ಲವೇ 1800-11-6666ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಕೆಮ್ಮು ಇದ್ದವರು ಹೋಗುವಾಗ ಆಶಾ ಅಕ್ಕನ ಹತ್ತಿರ ಕಫದ ಡಬ್ಬಿ ತಗೊಳ್ಳಿ. ನಾಳೆ ಬೆಳಗ್ಗೆ ಬಾಯಿ ಮುಕ್ಕಳಿಸಿ, ಅಂಗಳಕ್ಕೆ ಬಂದು, ಎದೆಯಾಳದಿಂದ ಕೆಮ್ಮಿ ಕಫ ತೆಗೆಯಿರಿ. ಬರೀ ಉಗುಳು ತಂದರೆ ಮತ್ತೆ ವಾಪಸ್ ಕಳಿಸುತ್ತೇನೆ ನೋಡಿ!