ಹುರುಳಿಕಾಯಿ ಮತ್ತು ಮುಸುಕಿನ ಜೋಳದ ಮೊಳಕೆ: ಎಪಿಜಿಯಲ್ ಮತ್ತು ಹೈಪೋಜಿಯಲ್ ವಿಧಾನಗಳ ಹೋಲಿಕೆ

ಬೀಜ ಮೊಳೆಯುವಾಗ ಬೀಜದಳಗಳು ನೆಲದಿಂದ ಮೇಲಕ್ಕೆ ಬಂದರೆ ಅದು ಎಪಿಜಿಯಲ್ ಮೊಳೆಯುವಿಕೆ. ಅವು ಮಣ್ಣಿನೊಳಗೇ ಉಳಿದರೆ ಹೈಪೋಜಿಯಲ್ ಮೊಳೆಯುವಿಕೆ. ಎಳೆಯ ಕಾಂಡದ ಯಾವ ಭಾಗ ಉದ್ದವಾಗುತ್ತದೆ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ.

ಹುರುಳಿಕಾಯಿ ಬೀಜದಲ್ಲಿ ಮೊದಲು ಬೇರು ಹೊರಬಂದು ಕೆಳಕ್ಕಿಳಿಯುತ್ತದೆ. ಅನಂತರ ಬೇರಿಗೂ ಬೀಜದಳಗಳಿಗೂ ನಡುವಿನ ಭಾಗವಾದ ಹೈಪೊಕಾಟಿಲ್ ವೇಗವಾಗಿ ಬೆಳೆಯುತ್ತದೆ. ಅದು ನೇರವಾಗಿ ನಿಲ್ಲದೆ ಕೊಕ್ಕೆಯಂತೆ ಬಾಗಿ, ತನ್ನ ಬೆನ್ನಿನಿಂದ ಮಣ್ಣನ್ನು ಸೀಳುವುದರಿಂದ, ಬೀಜದಳಗಳ ನಡುವೆ ಇರುವ ಮೆತ್ತನೆಯ ಕಾಂಡದ ತುದಿಗೆ ಮಣ್ಣು ಉಜ್ಜುವುದಿಲ್ಲ.

ಚಿತ್ರ 1: ಹುರುಳಿಕಾಯಿಯ ಕೊಕ್ಕೆ ಹಂತ

```
        ___
       /   \          ಹೈಪೊಕಾಟಿಲ್
~~~~~~~|~~~|~~~~~~~   ನೆಲದ ಮಟ್ಟ
       |  (_)         ಬೀಜದಳಗಳು
      /|\             ಬೇರು
```

ಬೆಳಕು ತಾಗಿದ ಮೇಲೆ ಕೊಕ್ಕೆ ನೆಟ್ಟಗಾಗಿ ಬೀಜದಳಗಳನ್ನು ಮೇಲೆತ್ತುತ್ತದೆ. ಅವು ತುಸು ಹಸಿರಾಗುತ್ತವೆಯಾದರೂ, ಕೂಡಿಟ್ಟ ಆಹಾರ ಮುಗಿಯುತ್ತಿದ್ದಂತೆ ಸುಕ್ಕುಗಟ್ಟಿ ಉದುರುತ್ತವೆ.

ಚಿತ್ರ 2: ಹುರುಳಿಕಾಯಿ ಸಸಿ

```
       \ | /          ಮೊದಲ ಎಲೆಗಳು
        \|/
       (_|_)          ಬೀಜದಳಗಳು
         |            ಹೈಪೊಕಾಟಿಲ್
~~~~~~~~~|~~~~~~~~~   ನೆಲದ ಮಟ್ಟ
        /|\           ಬೇರು
```

ಮುಸುಕಿನ ಜೋಳದ ಹೈಪೊಕಾಟಿಲ್ ಉದ್ದವಾಗುವುದೇ ಇಲ್ಲ. ಅದರ ಒಂದೇ ಬೀಜದಳವಾದ ಸ್ಕುಟೆಲ್ಲಂ ಕಾಳಿನೊಳಗೇ ಉಳಿದು, ಎಂಡೋಸ್ಪರ್ಮಿನ ಪಿಷ್ಟ ಕರಗಿ ಸಕ್ಕರೆಯಾದಂತೆ ಅದನ್ನು ಹೀರಿ ಸಸಿಗೆ ಒದಗಿಸುತ್ತದೆ. ಕಾಳಿನ ಮೇಲಿರುವ ಮೀಸೊಕಾಟಿಲ್ ಬೆಳೆದು ಎಳೆಯ ಕಾಂಡವನ್ನು ನೆಲದ ಮಟ್ಟದ ಹತ್ತಿರಕ್ಕೆ ತಳ್ಳುತ್ತದೆ. ಇಲ್ಲಿ ಕೊಕ್ಕೆಯ ಬದಲು ಕೋಲಿಯೋಪ್ಟೈಲ್ ಎಂಬ ಚೂಪು ಕವಚ ಎಲೆಗಳನ್ನು ಕಾಯುತ್ತದೆ. ಬೆಳಕಿಗೆ ಬಂದಾಗ ಅದರ ತುದಿ ಸೀಳಿ ಎಲೆಗಳು ಬಿಚ್ಚಿಕೊಳ್ಳುತ್ತವೆ.

ಚಿತ್ರ 3: ಮುಸುಕಿನ ಜೋಳದ ಸಸಿ

```
        \ /           ಮೊದಲ ಎಲೆಗಳು
         |            ಕೋಲಿಯೋಪ್ಟೈಲ್
~~~~~~~~~|~~~~~~~~~   ನೆಲದ ಮಟ್ಟ
         |            ಮೀಸೊಕಾಟಿಲ್
        (_)           ಕಾಳು
        /|\           ಬೇರು
```

ಚಿತ್ರಗಳನ್ನು ಗೆರೆಯಿಲ್ಲದ ಪುಟದಲ್ಲಿ ಪೆನ್ಸಿಲಿನಿಂದ ಬರೆಯಬೇಕು. ನೆಲದ ಗೆರೆಯನ್ನು ಮೊದಲು ಎಳೆದುಕೊಂಡರೆ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಗೊಂದಲವಾಗುವುದಿಲ್ಲ. ಈ ಪಾಠದಲ್ಲಿ ಅಂಕ ಹೋಗುವುದು ಹೆಚ್ಚಾಗಿ ಅಲ್ಲಿಯೇ.

ಎರಡೂ ವಿಧಾನಗಳ ಪರಿಣಾಮ ಹೊಲದಲ್ಲಿಯೂ ಕಾಣುತ್ತದೆ. ಮಳೆಯ ನಂತರ ಮೇಲ್ಮಣ್ಣು ಹೆಪ್ಪುಗಟ್ಟಿದರೆ, ದಪ್ಪ ಬೀಜದಳಗಳನ್ನು ಹೊತ್ತು ಬರಬೇಕಾದ ಹುರುಳಿಕಾಯಿಯ ಕೊಕ್ಕೆ ಮುರಿಯಬಹುದು. ಬೀಜದಳಗಳ ಕೆಳಗೆ ಕತ್ತರಿಸಿಹೋದ ಹುರುಳಿಕಾಯಿ ಸಸಿ ಮತ್ತೆ ಚಿಗುರುವುದಿಲ್ಲ, ಏಕೆಂದರೆ ಆ ಭಾಗದಲ್ಲಿ ಮೊಗ್ಗುಗಳಿಲ್ಲ. ಮುಸುಕಿನ ಜೋಳದ ಬೆಳೆಯುವ ತುದಿಯಾದರೋ ಐದಾರು ಎಲೆಗಳಾಗುವವರೆಗೆ ಮಣ್ಣಿನೊಳಗೇ ಇರುವುದರಿಂದ, ದನ ಮೇಲಿನ ಎಲೆ ಮೇಯ್ದರೂ ಸಸಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ.

ದ್ವಿದಳ ಸಸ್ಯಗಳೆಲ್ಲ ಎಪಿಜಿಯಲ್, ಏಕದಳ ಸಸ್ಯಗಳೆಲ್ಲ ಹೈಪೋಜಿಯಲ್ ಎಂದು ಬರೆಯಬಾರದು. ಕಡಲೆ, ಬಟಾಣಿ ಮತ್ತು ತೊಗರಿ ದ್ವಿದಳಗಳಾದರೂ ಬೀಜದಳಗಳನ್ನು ಮಣ್ಣಿನಲ್ಲಿಯೇ ಬಿಡುತ್ತವೆ. ಏಕದಳವಾದ ಈರುಳ್ಳಿಯು ತನ್ನ ಬೀಜದಳವನ್ನು ನೆಲದ ಮೇಲಕ್ಕೆ ತರುತ್ತದೆ.